ಜಪಾನಿನ ಜನಸಂಖ್ಯಾ ಪಿರಮಿಡ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ಕ್ಲಾಸಲ್ಲಿ ಜಪಾನಿನ ಪಿರಮಿಡ್ ಸ್ಲೈಡ್ ತೋರಿಸಿದರು. ಅದನ್ನು ನೋಡಿ ಮುಂದೆ ದುಡಿಯುವವರು ಎಷ್ಟು, ಅವಲಂಬಿತರು ಎಷ್ಟು, ಆಸ್ಪತ್ರೆ ಎಷ್ಟು ಬೇಕು ಅಂತ ಹೇಗೆ ಹೇಳುವುದು?

ಉತ್ತರ: ಪಿರಮಿಡ್‌ನಲ್ಲಿ ಐದೈದು ವರ್ಷದ ಒಂದೊಂದು ವಯಸ್ಸಿನ ಗುಂಪಿಗೆ ಒಂದೊಂದು ಅಡ್ಡ ಪಟ್ಟಿ, ಕೆಳಗೆ ಮಕ್ಕಳು, ಮೇಲೆ ಮುದುಕರು; ಜನ ಹೆಚ್ಚಿದ್ದಷ್ಟು ಪಟ್ಟಿ ಉದ್ದ. ಪ್ರತಿ ಪಟ್ಟಿಯೂ ಐದು ವರ್ಷಕ್ಕೊಂದು ಮೆಟ್ಟಿಲು ಮೇಲೇರುತ್ತದೆ. ಇವತ್ತಿನ 0–4ರ ಪಟ್ಟಿಯೇ ಇಪ್ಪತ್ತು ವರ್ಷದ ನಂತರ 20–24. ಅದು ಈಗಲೇ ಸಣ್ಣದಾಗಿದ್ದರೆ, ಹೊರಗಿನಿಂದ ಜನ ಬಾರದೆ ಆಗ ದೊಡ್ಡದಾಗಲು ಸಾಧ್ಯವಿಲ್ಲ, ಅಲ್ವಾ?

2020ರಲ್ಲಿ ಜಪಾನಿನ ನೂರು ಜನರಲ್ಲಿ ಸುಮಾರು 12 ಮಂದಿ 15ಕ್ಕಿಂತ ಚಿಕ್ಕವರು, 29 ಮಂದಿ 65 ದಾಟಿದವರು, ನಡುವೆ 59 ಮಂದಿ. 12ಕ್ಕೆ 29 ಕೂಡಿಸಿ, 59ರಿಂದ ಭಾಗಿಸಿ, ನೂರರಿಂದ ಗುಣಿಸಿ. ದುಡಿಯುವ ವಯಸ್ಸಿನ ನೂರು ಮಂದಿಗೆ ಸುಮಾರು 69 ಅವಲಂಬಿತರು.

ಆದರೆ ಆಸ್ಪತ್ರೆಯ ವಿಷಯಕ್ಕೆ ಈ ಒಂದೇ ಸಂಖ್ಯೆ ಸಾಲದು. ಮಕ್ಕಳಿಗೆ ಲಸಿಕೆ, ಶಾಲೆ ಬೇಕು. ಮುದುಕರಿಗೆ ಆರೈಕೆ ಬೇಕು. ಸ್ಲೈಡಿನ ಮೇಲ್ಭಾಗದಲ್ಲಿ ಉಬ್ಬಿಕೊಂಡ ಪಟ್ಟಿ ಕಾಣುತ್ತದೆ. ಅವರು ಯುದ್ಧ ಮುಗಿದ ಮೇಲೆ, 1947–49ರಲ್ಲಿ ಹುಟ್ಟಿದವರು. 2024ರ ಕೊನೆಗೆ ಅವರೆಲ್ಲ 75 ತುಂಬಿದವರು. ಮರೆವಿನ ಕಾಯಿಲೆ, ಮೂಳೆ ಮುರಿತ, ಸ್ನಾನಕ್ಕೂ ಇನ್ನೊಬ್ಬರ ಕೈ ಬೇಕಾಗುವ ಸ್ಥಿತಿ, ಇವೆಲ್ಲ ಜಾಸ್ತಿಯಾಗುವುದು ಈ ವಯಸ್ಸಿನ ನಂತರವೇ. ಹಾಗಾಗಿ ಹೆರಿಗೆ ವಾರ್ಡಿಗಿಂತ ಮನೆಗೆ ಬಂದು ನೋಡಿಕೊಳ್ಳುವವರ ಅಗತ್ಯ ಅಲ್ಲಿ ಹೆಚ್ಚು.

ಒಂದು ಎಚ್ಚರಿಕೆ. ಪಿರಮಿಡ್ ವಯಸ್ಸು ಹೇಳುತ್ತದೆ, ಕೆಲಸ ಹೇಳುವುದಿಲ್ಲ. ಜಪಾನಿನಲ್ಲಿ 65 ದಾಟಿಯೂ ದುಡಿಯುವವರು ಬಹಳ. ಹೊರಗೆ ಹೋಗಿ ದುಡಿದು ಮನೆ ಸಾಕುವವರೂ ಅದರಲ್ಲಿ ಕಾಣುವುದಿಲ್ಲ. ನಮ್ಮ ಕಾಸರಗೋಡನ್ನೇ ನೋಡಿ: 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 1080 ಹೆಂಗಸರು. ಗಲ್ಫಿಗೆ ಹೋದ ಗಂಡಸರು ಇಲ್ಲಿನ ಲೆಕ್ಕದಲ್ಲಿಲ್ಲ, ಅವರು ಕಳಿಸುವ ಹಣದಲ್ಲೇ ಎಷ್ಟೋ ಮನೆಗಳ ಅಜ್ಜ ಅಜ್ಜಿಯರ ಔಷಧಿ ಬರುತ್ತದೆ.