ಬಂಗಡೆ ಕಳೆದ ಆ ಐದು ಗಂಟೆ

*ಮಾನ್ಯ ಸಂಪಾದಕರೇ, ಕಳೆದ ತಿಂಗಳು ನೆಂಟರ ಮನೆಯ ಔತಣದಲ್ಲಿ ಹುರಿದ ಬಂಗಡೆ ತಿಂದು, ಕೊನೆಗೆ ಮೊಸರನ್ನ ಉಂಡೆ. ಕೈ ತೊಳೆದು ಕುಳಿತು ಅರ್ಧ ಗಂಟೆಯಾಗಿರಲಿಲ್ಲ, ಮುಖ, ಕತ್ತು ಕೆಂಪೇರಿ ಮೈಯೆಲ್ಲ ತುರಿಕೆ, ತಲೆಸಿಡಿತ. ನಮ್ಮ ಭಾವನವರಿಗೂ ಸ್ವಲ್ಪ ಹೀಗೇ ಆಯಿತು; ಅವರು ಮೊಸರು ಮುಟ್ಟುವವರಲ್ಲ. ಮೀನು ತಾಜಾ, ಬೆಳಿಗ್ಗೆ ಏಳಕ್ಕೆ ಕುಮಟೆಯಲ್ಲಿ ಕೊಂಡು ಬೈಕಿನಲ್ಲಿ ತಂದದ್ದು. ಮೀನಿನ ಮೇಲೆ ಮೊಸರು ತಿಂದರೆ ಹೀಗೇ, ತೊನ್ನೂ ಬರುತ್ತದೆ ಎಂದು ಅತ್ತೆಯವರು ಬೈದರು. ಅಂದಿನಿಂದ ಮಕ್ಕಳಿಗೆ ಬಾಳೆಹಣ್ಣಿನ ಸೀಕರಣೆಯನ್ನೂ ನಿಲ್ಲಿಸಿದ್ದಾರೆ. ಹಣ್ಣು ಸೇರಿದರೆ ಹಾಲು ಹೊಟ್ಟೆಯಲ್ಲಿ ಒಡೆದು ವಿಷವಾಗುತ್ತದಂತೆ. ಇದರಲ್ಲಿ ನಿಜವೆಷ್ಟು?*
*— ಓದುಗರೊಬ್ಬರು, ಶಿರಸಿ*

ಭಾವನವರ ಬಗ್ಗೆ ಬರೆದ ಆ ಒಂದು ಸಾಲನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಮೊಸರು ಮುಟ್ಟದವರಿಗೂ ಅದೇ ಕಾಟವಾಗಿದ್ದರೆ, ಇಬ್ಬರ ಎಲೆಯಲ್ಲೂ ಇದ್ದ ಪದಾರ್ಥವನ್ನೇ ವಿಚಾರಿಸಿಕೊಳ್ಳಬೇಕು. ನಾನು ವೈದ್ಯನಲ್ಲ, ನಿಮ್ಮನ್ನು ಕಂಡವನೂ ಅಲ್ಲ. ಆದರೂ ಕೆಂಪೇರಿದ ಮುಖ, ತುರಿಕೆ, ತಲೆಸಿಡಿತ, ಅದೂ ಉಂಡ ಅರ್ಧ ಗಂಟೆಯೊಳಗೆ, ಒಂದೇ ಮೀನು ತಿಂದ ಇಬ್ಬರಿಗೆ ಎಂದರೆ ನನ್ನ ಅನುಮಾನ ಹೋಗುವುದು ಹಿಸ್ಟಮಿನ್ ಎಂಬ ವಸ್ತುವಿನ ಕಡೆಗೆ.

ಬಂಗಡೆ, ತಾರ್ಲೆ (ಮಂಗಳೂರಿನ ಕಡೆಯವರ ಬೂತಾಯಿ), ಟ್ಯೂನಾ ಮುಂತಾದ ಕಪ್ಪುಮಾಂಸದ ಮೀನುಗಳಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿರುತ್ತದೆ. ಮೀನು ಬದುಕಿರುವಾಗ ಅದರಿಂದ ಯಾರಿಗೂ ತೊಂದರೆಯಿಲ್ಲ. ಸತ್ತ ಮೇಲೆ ಕಿವಿರು ಮತ್ತು ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಮಾಂಸಕ್ಕೆ ಹಬ್ಬಿ, ಈ ಹಿಸ್ಟಿಡಿನನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಮಂಜುಗಡ್ಡೆಯ ತಣ್ಪಿನಲ್ಲಿ ಈ ಕೆಲಸ ಬಹಳ ನಿಧಾನ. ನಮ್ಮ ಕರಾವಳಿಯ ಮೂವತ್ತು ಡಿಗ್ರಿ ಸೆಕೆಯಲ್ಲಿ ಕೆಲವೇ ಗಂಟೆ ಸಾಕು. ಅಲರ್ಜಿಯಾದಾಗ ನಮ್ಮ ಮೈ ತಾನೇ ಹೊರಬಿಡುವ ವಸ್ತುವೂ ಇದೇ ಹಿಸ್ಟಮಿನ್. ಆದ್ದರಿಂದಲೇ ಲಕ್ಷಣಗಳೂ ಅಲರ್ಜಿಯ ಪಡಿಯಚ್ಚಿನಂತಿರುತ್ತವೆ.

ಇನ್ನು 'ತಾಜಾ ಮೀನು' ಎಂಬ ಮಾತು. ಏಳಕ್ಕೆ ಕೊಂಡ ಮೀನು ಊಟಕ್ಕೆ ಮುಂಚೆ ಹೆಂಚು ಕಂಡದ್ದು ಹನ್ನೆರಡಕ್ಕೆ ಎಂದಿಟ್ಟುಕೊಳ್ಳೋಣ. ನಡುವಿನ ಐದು ಗಂಟೆ ಅದು ಎಲ್ಲಿತ್ತು? ಬೈಕಿನ ಹ್ಯಾಂಡಲಿಗೆ ನೇತುಬಿದ್ದ ಪ್ಲಾಸ್ಟಿಕ್ ಚೀಲದಲ್ಲಿ ದೇವಿಮನೆ ಘಾಟಿ ಹತ್ತಿ, ಆಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಮಸಾಲೆ ಅರೆಯುವವರೆಗೆ ಕಾದಿತ್ತೇ? ದೋಣಿಯಲ್ಲೂ ಮಾರುಕಟ್ಟೆಯಲ್ಲೂ ಅದಕ್ಕೆ ಐಸ್ ಸಿಕ್ಕಿತ್ತೋ ಇಲ್ಲವೋ ಎಂಬುದು ಬೇರೆಯೇ ಲೆಕ್ಕ. ಇಷ್ಟಾದರೂ ಮೀನಿನ ಕಣ್ಣು ಹೊಳೆಯುತ್ತಿರಬಹುದು, ನಾತವೂ ಇರಲಿಕ್ಕಿಲ್ಲ. ಹಿಸ್ಟಮಿನ್‌ಗೆ ತನ್ನದೇ ಆದ ಕೆಟ್ಟ ವಾಸನೆಯಿಲ್ಲ. ಕೆಲವೊಮ್ಮೆ ಮಾತ್ರ ನಾಲಿಗೆಗೆ ಮೆಣಸು ತಾಗಿದಂತೆ ಚುರುಗುಟ್ಟುತ್ತದೆ. ಆ ಚುರುಕನ್ನು ಬಂಗಡೆ ಮಸಾಲೆಯಲ್ಲಿ ಯಾರು ಗುರುತಿಸುತ್ತಾರೆ, ಹೇಳಿ! ಒಮ್ಮೆ ಹುಟ್ಟಿದ ಹಿಸ್ಟಮಿನ್ ಹುರಿದರೂ, ಕುದಿಸಿದರೂ, ಆಮೇಲೆ ಫ್ರಿಜ್ಜಿನಲ್ಲಿಟ್ಟರೂ ಹೋಗುವುದಿಲ್ಲ.

ಇದು ಮೀನಿನ ಅಲರ್ಜಿಯಲ್ಲವೆಂದು ತಿಳಿಯುವುದು ಹೇಗೆ? ನಿಜವಾದ ಅಲರ್ಜಿಯಿದ್ದವರಿಗೆ ಎಷ್ಟೇ ತಾಜಾ ಮೀನಿನ ಸಣ್ಣ ತುಂಡೂ ಸಾಮಾನ್ಯವಾಗಿ ಕಾಟ ಕೊಡುತ್ತದೆ, ಪಕ್ಕದಲ್ಲಿ ಉಣ್ಣುತ್ತಿದ್ದವರಿಗೆ ಏನೂ ಆಗುವುದಿಲ್ಲ. ಹಿಸ್ಟಮಿನ್ ಆದರೆ ಅದೇ ಮೀನು ತಿಂದ ಇತರರಿಗೂ ಹೆಚ್ಚುಕಡಿಮೆ ತಗಲುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಮುಂದಿನ ವಾರ ಸರಿಯಾದ ಬಂಗಡೆ ತಿಂದರೆ ಏನೂ ಇಲ್ಲ. ಆದರೆ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲು ಹೋಗಬೇಡಿ; ಇಬ್ಬರಿಗೂ ಆಯಿತೆಂಬ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಿ. ಅದನ್ನು ಹೇಳದಿದ್ದರೆ ಚೀಟಿಯಲ್ಲಿ 'ಮೀನಿನ ಅಲರ್ಜಿ' ಎಂದು ಬಿದ್ದು, ಜೀವನವಿಡೀ ಮೀನು ಬಿಡಬೇಕಾದೀತು. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆಸುತ್ತು ಬಂದು ಬೀಳುವಂತಾದರೆ ಯಾವ ಚರ್ಚೆಯೂ ಬೇಡ, ನೇರ ಆಸ್ಪತ್ರೆಗೆ.

ಮೊಸರಿಗೆ ಇದರಲ್ಲಿ ಪಾತ್ರವೇ ಇಲ್ಲ. ಬಂಗಾಳದವರು ಮೀನನ್ನು ಮೊಸರಿನಲ್ಲೇ ಬೇಯಿಸಿ 'ದೊಯಿ ಮಾಛ್' ಎಂದು ಮದುವೆಗೂ ಬಡಿಸುತ್ತಾರೆ. ತೊನ್ನು ಬರುವುದು ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿಬಿದ್ದಾಗ. ಊಟದ ಎಲೆಗೂ ಅದಕ್ಕೂ ನಂಟಿಲ್ಲ.

ಇನ್ನು ಒಡೆದ ಹಾಲು. ಅತ್ತೆಯವರಿಗೆ ಒಂದು ಮಾತು ಕೇಳಿ ನೋಡಿ: ಹಸುಗೂಸು ಹಾಲು ಕುಡಿದು ಸ್ವಲ್ಪ ಹೊತ್ತಿನ ಮೇಲೆ ಕಕ್ಕಿದಾಗ ಹೆಗಲ ಮೇಲಿನ ಬಟ್ಟೆಗೆ ಅಂಟುವುದೇನು? ಬಿಳಿ ಬಿಳಿ ಗರಣೆ. ಆ ಕೂಸು ಬಾಳೆಹಣ್ಣು ತಿಂದಿರಲಿಲ್ಲ. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಹುಳಿ ತಾಗಿದೊಡನೆ ಗಟ್ಟಿಕಟ್ಟುತ್ತದೆ, ಜಠರದಲ್ಲಂತೂ ನಿಂಬೆರಸಕ್ಕೆ ಸರಿಸಾಟಿಯಾದ ಆಮ್ಲವಿದೆ. ಹಣ್ಣಿನ ಜೊತೆ ಕುಡಿಯಿರಿ, ಬರಿದೇ ಕುಡಿಯಿರಿ, ಹೊಟ್ಟೆ ಸೇರಿದ ಹಾಲು ಒಡೆಯಲೇಬೇಕು. ಹಾಗೆ ಗಟ್ಟಿಯಾದ ಗರಣೆ ಜಠರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದರಿಂದ ಕಿಣ್ವಗಳಿಗೆ ಅದನ್ನು ಕತ್ತರಿಸಲು ಸಮಯ ಸಿಗುತ್ತದೆ. ಆಮೇಲೆ ಎಲ್ಲವೂ ಅಂಬಲಿಯಂತಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಮೇದೋಜೀರಕ ಗ್ರಂಥಿಯ ಒಂದೇ ರಸದಲ್ಲಿ ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಅರಗಿಸುವ ಕಿಣ್ವಗಳಿರುತ್ತವೆ. ಇದು ಮೀನು, ಇದು ಮೊಸರು ಎಂದು ಬೇರೆ ಬೇರೆ ಸಾಲು ಹಚ್ಚುವ ಏರ್ಪಾಡು ಅಲ್ಲಿಲ್ಲ. ಹಾಗಿದ್ದಿದ್ದರೆ ತೊಗರಿಬೇಳೆಯನ್ನೇ ತಿನ್ನುವಂತಿರಲಿಲ್ಲ: ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಅದರ ಎರಡು ಪಟ್ಟು ಪಿಷ್ಟ ಒಟ್ಟಿಗೇ ಇವೆ.

ಚರಕ ಸಂಹಿತೆ ಮೀನಿನ ಜೊತೆ ಹಾಲನ್ನೂ, ಹಾಲಿನ ಜೊತೆ ಹುಳಿಹಣ್ಣನ್ನೂ ವಿರುದ್ಧಾಹಾರ ಎನ್ನುವುದು ನನಗೆ ಗೊತ್ತಿದೆ. ನೀವಲ್ಲದಿದ್ದರೆ ಇನ್ನೊಬ್ಬ ಓದುಗರು ಬರೆದೇ ಬರೆಯುತ್ತಾರೆ. ಮೀನು ಮತ್ತು ಹಾಲಿಗೆ ಅಲ್ಲಿ ಕೊಟ್ಟಿರುವ ಕಾರಣ ಒಂದು ಉಷ್ಣವೀರ್ಯ, ಇನ್ನೊಂದು ಶೀತವೀರ್ಯ ಎಂಬುದು. ಜಠರದೊಳಗೆ ನಡೆಯುವ ಕೆಲಸದಲ್ಲಿ ಆ ಲೆಕ್ಕಕ್ಕೆ ಆಧಾರ ನನಗೆ ಕಂಡಿಲ್ಲ. ನಮ್ಮ ದೇವಸ್ಥಾನಗಳ ಪಂಚಾಮೃತವೂ ಅದನ್ನು ಕೇಳಿದಂತಿಲ್ಲ: ಹಾಲು, ಮೊಸರಿನ ಮೇಲೆ ಬಾಳೆಹಣ್ಣನ್ನೂ ಕಿವುಚಿ ಹಾಕುತ್ತಾರೆ.

ಹಾಗೆಂದು ಸೀಕರಣೆ ತಿಂದವರಿಗೆ ಹೊಟ್ಟೆ ಕೆಡುವುದೇ ಇಲ್ಲವೆನ್ನಲಾರೆ. ದೊಡ್ಡವರಾದಂತೆ ನಮ್ಮಲ್ಲಿ ಅನೇಕರಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕಡಿಮೆಯಾಗುತ್ತದೆ. ಅರಗದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಹುಳಿತು, ವಾಯು ತುಂಬಿ, ಹೊಟ್ಟೆ ಗುಡುಗುಡು ಎಂದು ಕೊನೆಗೆ ಭೇದಿಯಾಗುತ್ತದೆ. ಇಂಥವರೂ ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಲನ್ನು ಬಹಳಷ್ಟು ಸಲ ತಡೆದುಕೊಳ್ಳುತ್ತಾರೆ. ಅಂಗಡಿಯ ದೊಡ್ಡ ಗ್ಲಾಸಿನ ಮಿಲ್ಕ್‌ಶೇಕ್ ಅದರ ಎರಡು ಪಟ್ಟು. ದೂರು ಮಾತ್ರ ಹಣ್ಣಿನ ಮೇಲೆ ಬೀಳುತ್ತದೆ. ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಸೀಕರಣೆಯಿಂದ ಹೊಟ್ಟೆ ಕೆಟ್ಟಿದ್ದರೆ, ಬೇರೊಂದು ದಿನ ಅಷ್ಟೇ ಹಾಲನ್ನು ಹಣ್ಣಿಲ್ಲದೆ ಕೊಟ್ಟು ನೋಡಿ, ಮತ್ತೊಂದು ದಿನ ಹಾಲಿಲ್ಲದೆ ಬರೀ ಹಣ್ಣು ಕೊಡಿ. ಯಾರ ತಪ್ಪೆಂದು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಅನಾನಸ್ ಒಂದನ್ನು ಮಾತ್ರ ಹಸಿಯಾಗಿ ಹಾಲಿಗೆ ಹಾಕಿ ಇಡಬೇಡಿ. ಅದರ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ. ವಿಷವಲ್ಲ, ಆದರೆ ಯಾರೂ ಕುಡಿಯುವುದಿಲ್ಲ.

ಮುಂದಿನ ಸಲ ಕುಮಟೆಗೆ ಹೋಗುವವರ ಕೈಯಲ್ಲಿ ಮುಚ್ಚಳದ ಡಬ್ಬಿಯೊಂದನ್ನು ಕೊಟ್ಟು ಕಳಿಸಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್, ಒಂದು ಪದರ ಐಸ್, ಒಂದು ಪದರ ಮೀನು. ಕಿವಿರು, ಕರುಳನ್ನು ಅಲ್ಲೇ ತೆಗೆಸಿಕೊಂಡು ಬರಲಿ. ಊಟದ ಕೊನೆಗೆ ಮೊಸರನ್ನ ಎಂದಿನಂತೆ ಇರಲಿ.