ಕಣ್ಣು ನೋಡಿ ಮಾತಾಡಿದರೆ ಆಟಿಸಂ ಇಲ್ಲ ಅಂತಲೇ?

"ನನಗೆ 32 ವರ್ಷ, ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಪಾಠ ಸಲೀಸು. ಮದುವೆಮನೆಗೆ ಹೋಗಿಬಂದರೆ ಮಾತ್ರ ಎರಡು ದಿನ ಯಾರ ಜೊತೆಯೂ ಮಾತಾಡೋಕಾಗಲ್ಲ. ಡಾಕ್ಟರು 'ಕಣ್ಣು ನೋಡಿ ಮಾತಾಡ್ತೀರ, ಮದುವೆಯಾಗಿದೆ, ಆಟಿಸಂ ಅಲ್ಲ, ಸೋಷಿಯಲ್ ಆಂಗ್ಸೈಟಿ' ಅಂದ್ರು. ಮಾತ್ರೆಯಿಂದ ಹೆದರಿಕೆ ಕಡಿಮೆಯಾಯ್ತು, ಸುಸ್ತು ಹಾಗೇ ಇದೆ. ಅವರು ಹೇಳಿದ್ದು ಸರಿನಾ?"

ಆ ಎರಡು ಕಾರಣ ಸಾಲವು. ಆಟಿಸಂ ಇದೆಯೆಂದು ನಾನೂ ಇಲ್ಲಿಂದ ಹೇಳಲಾರೆ. ಆದರೆ ಹೆದರಿಕೆ ಇಳಿದರೂ ಸುಸ್ತು ಉಳಿದಿದೆ ಎಂದಿರಲ್ಲ, ನಾನಾಗಿದ್ದರೆ ಅಲ್ಲಿಂದಲೇ ವಿಚಾರಿಸಲು ಶುರುಮಾಡುತ್ತಿದ್ದೆ. (ಮಾತ್ರೆ ನೀವೇ ನಿಲ್ಲಿಸಬೇಡಿ.)

ಕಣ್ಣು ನೋಡುತ್ತೀರಾ ಅನ್ನುವುದಕ್ಕಿಂತ ಹೇಗೆ ನೋಡುತ್ತೀರಿ ಅನ್ನುವುದು ಮುಖ್ಯ. ಹುಬ್ಬಿನ ನಡುವೆ ದೃಷ್ಟಿಯಿಟ್ಟು, ಮೂರು ಸೆಕೆಂಡು ಎಣಿಸಿ, ಆಚೆ ತಿರುಗಬೇಕು ಎಂದು ಕಲಿತುಕೊಂಡಿದ್ದರೆ ಎದುರಿಗಿದ್ದವರಿಗೆ ಗೊತ್ತಾಗುವುದಿಲ್ಲ. ನಿಮಗೆ ಪಾಠ ಸಲೀಸಾಗುವುದೂ ಹೀಗೇ ಇರಬಹುದು: ತರಗತಿಯಲ್ಲಿ ಯಾರು ಯಾವಾಗ ಮಾತಾಡಬೇಕೆಂಬುದು ಮೊದಲೇ ನಿಗದಿ. ಮದುವೆಮನೆಯಲ್ಲಿ ಅದನ್ನು ಕ್ಷಣಕ್ಷಣವೂ ಲೆಕ್ಕ ಹಾಕಬೇಕು.

ಬರೀ ಆಂಗ್ಸೈಟಿಯಾದರೆ ಕಾಡುವುದು 'ಜನ ಏನಂದುಕೊಳ್ತಾರೋ' ಎಂಬ ಭಯ. ಅಕ್ಕತಂಗಿಯರ ನಡುವೆ ಕೂತಾಗ ಅದು ಸಾಮಾನ್ಯವಾಗಿ ಕರಗುತ್ತದೆ. ಆಟಿಸಂನಲ್ಲಿ ಮನೆಯವರ ಜೊತೆಗೂ ಆ ಲೆಕ್ಕಾಚಾರ ತಪ್ಪದು: ಅಂದದ್ದು ತಮಾಷೆಯೋ ನಿಜವೋ, ಈಗ ಮಾತು ನಿಲ್ಲಿಸಬೇಕೋ. ಎರಡೂ ಒಟ್ಟಿಗೇ ಇರುವುದೂ ಉಂಟು. ಇಷ್ಟರಿಂದಲೇ ತೀರ್ಮಾನವಾಗದು, ಸದ್ದು-ಬಟ್ಟೆ-ವಾಸನೆಯ ತೊಂದರೆ, ದಿನಚರಿ ಬದಲಾದರೆ ಕುಸಿಯುವುದು, ಒಂದೇ ವಿಷಯದಲ್ಲಿ ಮುಳುಗುವುದು, ಕೈಬೆರಳು ಆಡಿಸುತ್ತಿರುವಂಥ ಮರುಕಳಿಸುವ ಚಲನೆ, ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಮುಳುಗುವ ವಿಷಯ ಧಾರಾವಾಹಿಯೋ ಸೀರೆಯೋ ಆಗಿದ್ದರೆ ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ.

ಇವು ಬಾಲ್ಯದಿಂದಲೇ ಇದ್ದಿರಬೇಕು. ಆದರೆ ಕಲಿತ ಉಪಾಯಗಳ ಅಡಿಯಲ್ಲಿ ಮುಚ್ಚಿಹೋಗಿರಬಹುದು ಎಂದು ಮನೋವೈದ್ಯರು ರೋಗ ಗುರುತಿಸಲು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5, ಸ್ಪಷ್ಟವಾಗಿಯೇ ಹೇಳುತ್ತದೆ. ಹೆಚ್ಚು ಎಡವುವುದು ಇಲ್ಲೇ. 'ಮಗಳಿಗೆ ಗೆಳತಿಯರಿದ್ದರಾ?' ಎಂದರೆ ಅಮ್ಮಂದಿರು 'ಇದ್ರು, ತಂಟೆಯಿಲ್ಲದ ಮಗು' ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕೇಳಬೇಕಾದ್ದು: ಆ ಗೆಳತಿ ರಜೆ ಹಾಕಿದ ದಿನ ಇವಳು ಯಾರ ಜೊತೆ ಇರುತ್ತಿದ್ದಳು? ಆಟದಲ್ಲಿ ಸೇರುತ್ತಿದ್ದಳೋ, ಸಾಮಾನು ಸಾಲಾಗಿ ಜೋಡಿಸುತ್ತಿದ್ದಳೋ? ಜಾತ್ರೆಯಲ್ಲಿ ತಮಟೆ ಹೊಡೆದರೆ, ಹಬ್ಬಕ್ಕೆ ಜರಿಲಂಗ ಹಾಕಿದರೆ ಏನು ಮಾಡುತ್ತಿದ್ದಳು?

ಪರೀಕ್ಷೆಗಳನ್ನೇ ನಂಬಬೇಡಿ. 25 ಪ್ರಶ್ನೆಗಳ ಕ್ಯಾಟ್-ಕ್ಯೂ ಎಷ್ಟು ಮುಚ್ಚಿಡುತ್ತೀರಿ ಎಂದಷ್ಟೇ ಅಳೆಯುತ್ತದೆ. ಆಂಗ್ಸೈಟಿ ಇದ್ದವರಿಗೂ ಅಂಕ ಏರಬಹುದು. ನಮ್ಮಲ್ಲಿ ಅಂಗವೈಕಲ್ಯದ ಸರ್ಟಿಫಿಕೇಟಿಗೆ ಬಳಸುವ ಐಸಾ ಎಂಬ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ, ಒಟ್ಟು ಅಂಕ 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಅದು ಹೊರಗೆ ಕಾಣುವ ವರ್ತನೆಯನ್ನೇ ನೆಚ್ಚಿಕೊಂಡಿದೆ, ಮುಚ್ಚಿಡುವವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಎರಡು ವಾರ ಬರೆದಿಡಿ: ಎಲ್ಲಿಗೆ ಹೋದಿರಿ, ಮುಂಚೆ ಏನೇನು ಮಾತು ಅಭ್ಯಾಸ ಮಾಡಿದಿರಿ, ಬಂದಮೇಲೆ ಸರಿಹೋಗಲು ಎಷ್ಟು ಗಂಟೆ ಬೇಕಾಯಿತು. ದೊಡ್ಡವರಲ್ಲಿ ಆಟಿಸಂ ನೋಡುತ್ತೀರಾ ಎಂದು ಡಾಕ್ಟರನ್ನು ಫೋನಿನಲ್ಲೇ ವಿಚಾರಿಸಿ ಸಮಯ ತಗೊಳ್ಳಿ, ಅಮ್ಮನನ್ನೂ ಹಳೆಯ ಶಾಲಾ ಪ್ರಗತಿಪತ್ರಗಳನ್ನೂ ಜೊತೆಗೆ ಕರೆದೊಯ್ಯಿರಿ. ಬರೆದದ್ದನ್ನು ಒಳಹೋದ ಕೂಡಲೇ ಡಾಕ್ಟರ ಕೈಗೆ ಕೊಡಿ, ಇಲ್ಲದಿದ್ದರೆ ಅಲ್ಲೂ ನೀವು ನಗುನಗುತ್ತಾ 'ಪರವಾಗಿಲ್ಲ ಡಾಕ್ಟ್ರೇ' ಎಂದು ಬಂದುಬಿಡುತ್ತೀರಿ.