1 ಕೋಟಿ ಎಷ್ಟು ವರ್ಷ ಬಂದೀತು?

ಪ್ರಶ್ನೆ: ನನಗೆ 48, ಊರು ಬಾಗಲಕೋಟೆ. ಮನೆಖರ್ಚು ತಿಂಗಳಿಗೆ 30 ಸಾವಿರ. 60ಕ್ಕೆ ನಿವೃತ್ತಿ, ಪಿಂಚಣಿ ಇಲ್ಲ. 1 ಕೋಟಿ ಸಾಕಾ?

ಉತ್ತರ: ಸಾಲಲ್ಲ. ಬೆಲೆ ವರ್ಷಕ್ಕೆ ಶೇ. 6 ಏರಿದರೆ 12 ವರ್ಷಕ್ಕೆ ಖರ್ಚು ದುಪ್ಪಟ್ಟು. ಅಂದರೆ ನಿವೃತ್ತಿಯ ಮೊದಲ ವರ್ಷಕ್ಕೇ 7.2 ಲಕ್ಷ ಬೇಕು.

1 ಕೋಟಿಗೆ ಶೇ. 7ರಂತೆ 7 ಲಕ್ಷ ಬಡ್ಡಿ ಬರುತ್ತದೆ, ಹೆಚ್ಚುಕಮ್ಮಿ ಸರಿಹೋಯ್ತು ಅನ್ನಿಸುತ್ತೆ ಅಲ್ವಾ? ಆದರೆ ಖರ್ಚು ಏರುತ್ತಲೇ ಇರುತ್ತದೆ, ಬಡ್ಡಿ ಏರುವುದಿಲ್ಲ. ವರ್ಷವರ್ಷ ಅಸಲಿಗೆ ಕೈಹಾಕಬೇಕು. 75ರ ಹೊತ್ತಿಗೆ ಖಾತೆ ಖಾಲಿ.

90ರವರೆಗೆ ಲೆಕ್ಕ ಹಾಕಿ. ತೆರಿಗೆ ಕಳೆದ ಬಡ್ಡಿ ಬೆಲೆಯೇರಿಕೆಯಷ್ಟೇ ಇದ್ದರೆ ಲೆಕ್ಕ ಸುಲಭ: 7.2 ಲಕ್ಷ × 30 = 2.16 ಕೋಟಿ. ತೆರಿಗೆ ಕಳೆದೂ ಶೇ. 7 ಸಿಕ್ಕರೆ ಸುಮಾರು 1.9 ಕೋಟಿ. ನಾನಾದರೆ ದೊಡ್ಡ ಮೊತ್ತವನ್ನೇ ಹಿಡಿಯುತ್ತೇನೆ. ಇದರಲ್ಲಿ ದೊಡ್ಡ ಆಸ್ಪತ್ರೆ ಖರ್ಚು ಸೇರಿಲ್ಲ.